ಇಪ್ಪತ್ತು ಪ್ಲಾಟು, ಒಂದು ಟೇಬಲ್, ಒಂದು ಗ್ರಾಫ್: ಹೊಲದ ಪ್ರಯೋಗದ ಫಲಿತಾಂಶವನ್ನು ಥೀಸಿಸ್‌ನಲ್ಲಿ ತೋರಿಸುವುದು ಹೇಗೆ

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ನನ್ನ ಮೊದಲ ಗ್ರಾಫನ್ನು ಗೈಡ್ ಮುಂದೆ ಇಟ್ಟೆ. ಬಣ್ಣ ಬಣ್ಣದ ಕಂಬಗಳು, ಪ್ರತಿ ಕಂಬದ ತಲೆಯ ಮೇಲೆ ಒಂದೊಂದು ಕಡ್ಡಿ. ಚೆಂದ ಬಂದಿದೆ ಅಂತ ನನಗನ್ನಿಸಿತ್ತು. ಅವರು ಕನ್ನಡಕ ಏರಿಸಿ ನೋಡಿದರು.

"ಇದೇನ ತಮ್ಮಾ, ಕಂಬದ ಮ್ಯಾಲೆ ಕಡ್ಡಿ ನಿಂತಾವಲ್ಲ, ಇವು ಏನ್ ಹೇಳ್ತಾವು?"

"ಎರರ್ ಬಾರ್ ರೀ ಸರ್."

"ಅದು ಗೊತ್ತೈತಿ. ಯಾವುದರ ಎರರ್? ಎಲ್ಲಿಂದ ಬಂತು?"

"ಎಕ್ಸೆಲ್‌ನಾಗ ಒತ್ತಿದೆ ರೀ, ಬಂತು."

"ಒತ್ತಿದ್ರ ಬಂತಾ! ಹೊಲದಾಗ ಬೆಳದದ್ದು ತೋರ್ಸು ಅಂದ್ರ ಎಕ್ಸೆಲ್‌ನಾಗ ಬೆಳದದ್ದು ತಂದೀಯಲ್ಲ."

ಆ ಕಡ್ಡಿಗಳ ಅರ್ಥ ತಿಳಿದುಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಈ ಲೇಖನದಲ್ಲೂ ಹೆಚ್ಚು ಜಾಗ ಅವಕ್ಕೇ ಹೋಗುತ್ತದೆ. ಥೀಸಿಸ್‌ಗಳ ಟೇಬಲ್‌ಗಳು ಸಾಮಾನ್ಯವಾಗಿ ಹೇಗೋ ದಡ ಸೇರುತ್ತವೆ. ಗ್ರಾಫ್‌ಗಳು ಎಡವುವುದು ಬಹುತೇಕ ಈ ಕಡ್ಡಿಗಳಲ್ಲೇ.

ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ. ಹಾವೇರಿ ಕಡೆಯ ಗೋವಿನಜೋಳ ಅಂದುಕೊಳ್ಳಿ. ಹೆಕ್ಟೇರಿಗೆ 0, 50, 100, 150, 200 ಕಿಲೋ ಸಾರಜನಕ, ಅಂದರೆ ಐದು ಟ್ರೀಟ್ಮೆಂಟ್. ಪ್ರತಿಯೊಂದಕ್ಕೂ ನಾಲ್ಕು ರೆಪ್ಲಿಕೇಶನ್. ಒಟ್ಟು 20 ಪ್ಲಾಟು, ಆರ್‌ಬಿಡಿ ವಿನ್ಯಾಸ. ಅಂಕಿಗಳನ್ನು ಲೆಕ್ಕ ತೋರಿಸಲೆಂದು ನಾನೇ ಕಟ್ಟಿದ್ದೇನೆ, ಗೊಬ್ಬರದ ಶಿಫಾರಸು ಅಂತ ಯಾರೂ ಓದಬೇಡಿ. ಕಾಳಿನ ಇಳುವರಿ, ಹೆಕ್ಟೇರಿಗೆ ಕ್ವಿಂಟಲ್ ಲೆಕ್ಕದಲ್ಲಿ:

| ಸಾರಜನಕ (ಕಿಲೋ/ಹೆ.) | ಬ್ಲಾಕ್ 1 | ಬ್ಲಾಕ್ 2 | ಬ್ಲಾಕ್ 3 | ಬ್ಲಾಕ್ 4 | ಸರಾಸರಿ |
|---|---|---|---|---|---|
| 0 | 27 | 33 | 26 | 30 | 29.0 |
| 50 | 44 | 41 | 36 | 43 | 41.0 |
| 100 | 49 | 57 | 50 | 48 | 51.0 |
| 150 | 60 | 62 | 51 | 59 | 58.0 |
| 200 | 57 | 60 | 56 | 63 | 59.0 |

ಈ ಟೇಬಲ್ ನಿಮ್ಮ ಫೀಲ್ಡ್ ಬುಕ್ಕಿಗೆ ಸೇರಿದ್ದು, ಬೇಕಾದರೆ ಥೀಸಿಸ್‌ನ ಅನುಬಂಧಕ್ಕೂ. ಫಲಿತಾಂಶದ ಅಧ್ಯಾಯಕ್ಕೆ ಇದು ಬರಬಾರದು.

ಮೂರನೇ ಬ್ಲಾಕ್ ನೋಡಿ. ಅದರ ಸರಾಸರಿ 43.8. ಎರಡನೇ ಬ್ಲಾಕಿನದು 50.6. ಮೂರನೇ ಬ್ಲಾಕು ಬದುವಿನ ಪಕ್ಕ, ಬೇವಿನ ಮರಗಳ ನೆರಳಿಗೆ ಸಿಕ್ಕಿತ್ತು ಅಂತಿಟ್ಟುಕೊಳ್ಳಿ. ನಾವು ಬ್ಲಾಕ್ ಮಾಡುವುದೇ ಇಂಥ ವ್ಯತ್ಯಾಸವನ್ನು ಬೇರೆ ತೆಗೆದಿಡಲು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1. ಮೊದಲು ವಾಕ್ಯ ಬರೆಯಿರಿ

ಟೇಬಲ್ ಕಟ್ಟುವ ಮುಂಚೆ, ಅದರಿಂದ ಓದುಗರಿಗೆ ಗೊತ್ತಾಗಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ನಮ್ಮ ಉದಾಹರಣೆಗೆ: "ಸಾರಜನಕ 150 ಕಿಲೋ ಆಗುವವರೆಗೆ ಇಳುವರಿ ಪ್ರತಿ ಹಂತದಲ್ಲೂ ಏರಿತು, 200ಕ್ಕೆ ಹೋದಾಗ ಮತ್ತೆ ಏರಿತು ಅನ್ನಲು ಆಧಾರ ಸಿಗಲಿಲ್ಲ."

ಈ ವಾಕ್ಯದಲ್ಲಿ ಎರಡು ಕೆಲಸ ಇವೆ. ಯಾವ ಸರಾಸರಿ ಯಾವುದಕ್ಕಿಂತ ಬೇರೆ ಅಂತ ಅಂಕಿಯಲ್ಲೇ ಹೇಳಬೇಕು. ಅದು ಟೇಬಲ್ ಕೆಲಸ. ಏರಿಕೆ ಎಲ್ಲಿ ನಿಧಾನ ಆಯಿತು ಅನ್ನುವುದನ್ನು ಕಣ್ಣಿಗೆ ಕಾಣಿಸಬೇಕು. ಅದು ಗ್ರಾಫ್ ಕೆಲಸ. ಹೀಗೆ ಬೇರೆ ಬೇರೆ ಕೆಲಸ ಇದ್ದಾಗ ಮಾತ್ರ ಎರಡನ್ನೂ ಇಡಿ. ಟೇಬಲ್‌ನಲ್ಲಿದ್ದ ಐದು ಅಂಕಿಯನ್ನೇ ಮತ್ತೆ ಐದು ಕಂಬ ಮಾಡಿ ಪಕ್ಕದ ಪುಟದಲ್ಲಿ ನಿಲ್ಲಿಸಿದರೆ ಪುಟ ಜಾಸ್ತಿ ಆಗುತ್ತದೆ, ಅಷ್ಟೇ. ಗಿಡದ ಎತ್ತರ, ಎಲೆ ಸಂಖ್ಯೆ, ತೆನೆ ಉದ್ದ ಇವೆಲ್ಲ ಟೇಬಲ್‌ನಲ್ಲಿದ್ದರೆ ಸಾಕು. ಎಲ್ಲದಕ್ಕೂ ಗ್ರಾಫ್ ಬೇಡ.

2. ಅನೋವಾದಿಂದ ಬೇಕಾದದ್ದು ಒಂದೇ ಅಂಕಿ

ಮೇಲಿನ 20 ಅಂಕಿಗಳಿಗೆ ಅನೋವಾ ಮಾಡಿದರೆ ಎಫ್ ಬೆಲೆ ಸುಮಾರು 80 ಬರುತ್ತದೆ. 4 ಮತ್ತು 12 ಡಿಗ್ರಿಗೆ ಶೇ. 5ರ ಮಟ್ಟದಲ್ಲಿ ಎಫ್ ಟೇಬಲ್ ಕೇಳುವುದು 3.26. ಹಾಗಾಗಿ ಟ್ರೀಟ್ಮೆಂಟ್‌ಗಳ ನಡುವೆ ವ್ಯತ್ಯಾಸ ಇದೆ ಅನ್ನುವುದರಲ್ಲಿ ಅನುಮಾನವಿಲ್ಲ. ನಮಗೆ ಮುಂದೆ ಬೇಕಾದದ್ದು ಎರರ್ ಮೀನ್ ಸ್ಕ್ವೇರ್: 7.967. ಬ್ಲಾಕುಗಳ ವ್ಯತ್ಯಾಸ ಮತ್ತು ಟ್ರೀಟ್ಮೆಂಟ್‌ಗಳ ವ್ಯತ್ಯಾಸ ಎರಡನ್ನೂ ಕಳೆದ ಮೇಲೆ ಉಳಿದ ಏರುಪೇರು ಇದು.

ಇದರಿಂದ ಎಸ್‌ಇಎಂ ಮತ್ತು ಸಿಡಿ ತೆಗೆಯಬೇಕು. ಎಕ್ಸೆಲ್‌ನ ಎರಡು ಖಾನೆಗಳಲ್ಲಿ ಹೀಗೆ ಬರೆಯಿರಿ:

```
=SQRT(7.967/4)
=T.INV.2T(0.05,12)*SQRT(2*7.967/4)
```

ಮೊದಲನೆಯದು 1.41 ಕೊಡುತ್ತದೆ, ಎರಡನೆಯದು 4.35. ಸೂತ್ರದ 4 ಅನ್ನುವುದು ರೆಪ್ಲಿಕೇಶನ್ ಸಂಖ್ಯೆ, 12 ಅನ್ನುವುದು ಎರರ್ ಡಿಗ್ರಿ. ನಿಮ್ಮ ಪ್ರಯೋಗಕ್ಕೆ ತಕ್ಕಂತೆ ಇವನ್ನು ಬದಲಿಸಿ. ಎಸ್‌ಇಎಂ ಅನ್ನು ಮೊದಲೇ 1.41ಕ್ಕೆ ಮೊಟಕು ಮಾಡಿ ಅದರಿಂದ ಸಿಡಿ ಲೆಕ್ಕ ಹಾಕಿದರೆ ಕೊನೆಯ ಅಂಕಿ ಸ್ವಲ್ಪ ತಪ್ಪುತ್ತದೆ. ಮೊಟಕು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಈಗ ಓದಿ. 100ರಿಂದ 150ಕ್ಕೆ ಹೋದಾಗ ವ್ಯತ್ಯಾಸ 7.0. ಇದು 4.35ಕ್ಕಿಂತ ಹೆಚ್ಚು. 150 ಮತ್ತು 200ರ ನಡುವೆ ವ್ಯತ್ಯಾಸ 1.0 ಮಾತ್ರ. ನಮ್ಮ ವಾಕ್ಯ ನಿಂತಿತು.

ಎಫ್ ಪರೀಕ್ಷೆಯಲ್ಲೇ ವ್ಯತ್ಯಾಸ ಕಾಣದಿದ್ದರೆ ಸಿಡಿ ಸಾಲಿನಲ್ಲಿ ಎನ್‌ಎಸ್ ಅಂತ ಬರೆದು ಮುಂದೆ ಹೋಗಿ. ಅಲ್ಲೂ ಸಿಡಿ ಅಂಕಿ ಹಾಕಿ, ಅದನ್ನಿಟ್ಟುಕೊಂಡು ಯಾವುದೋ ಎರಡು ಟ್ರೀಟ್ಮೆಂಟ್ ಬೇರೆ ಅಂತ ಬರೆಯುವವರಿದ್ದಾರೆ. ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ.

3. ಟೇಬಲ್ ಕಟ್ಟುವುದು

ಥೀಸಿಸ್‌ಗೆ ಹೋಗುವ ಟೇಬಲ್ ಇಷ್ಟೇ:

ಕೋಷ್ಟಕ: ಮುಂಗಾರು ಗೋವಿನಜೋಳದ ಕಾಳಿನ ಇಳುವರಿಯ ಮೇಲೆ ಸಾರಜನಕದ ಪ್ರಮಾಣದ ಪರಿಣಾಮ (4 ರೆಪ್ಲಿಕೇಶನ್‌ಗಳ ಸರಾಸರಿ)

| ಸಾರಜನಕ (ಕಿಲೋ/ಹೆ.) | ಕಾಳಿನ ಇಳುವರಿ (ಕ್ವಿಂ./ಹೆ.) |
|---|---|
| 0 | 29.0 |
| 50 | 41.0 |
| 100 | 51.0 |
| 150 | 58.0 |
| 200 | 59.0 |
| ಎಸ್‌ಇಎಂ ± | 1.41 |
| ಸಿಡಿ (ಶೇ. 5) | 4.35 |

ಮೊದಲ ಕಾಲಂನಲ್ಲಿ ಟಿ1, ಟಿ2, ಟಿ3 ಅಂತಿಲ್ಲ, ಗಮನಿಸಿ. ಆ ಹೆಸರುಗಳು ಹೊಲದಲ್ಲಿ ಗೂಟಕ್ಕೆ ಚೀಟಿ ಕಟ್ಟಲು ಸರಿ. ಓದುಗರಿಗೆ ಅವು ಏನೂ ಹೇಳುವುದಿಲ್ಲ. ಟಿ4 ಅಂದರೆ ಏನು ಅಂತ ನೋಡಲು ಪ್ರತಿ ಸಲ ಹಿಂದಿನ ಅಧ್ಯಾಯಕ್ಕೆ ಹೋಗಬೇಕು. ಟ್ರೀಟ್ಮೆಂಟ್ ಹೆಸರು ಉದ್ದ ಆದರೆ ಟಿ4 ಅಂತ ಇಟ್ಟು, ಪಕ್ಕದಲ್ಲೇ ಚಿಕ್ಕದಾಗಿ ಅದರ ಅರ್ಥ ಬರೆಯಿರಿ. ಸಾಲುಗಳ ಕ್ರಮಕ್ಕೂ ಕಾರಣ ಇರಲಿ. ಪ್ರಮಾಣಗಳಾದರೆ ಕಡಿಮೆಯಿಂದ ಹೆಚ್ಚಿಗೆ. ತಳಿಗಳಾದರೆ ಇಳುವರಿ ಹೆಚ್ಚಿದ್ದು ಮೇಲೆ, ಹೋಲಿಕೆಯ ತಳಿ ಕೊನೆಗೆ ಅಥವಾ ಮೊದಲಿಗೆ, ಬೇರೆಯಾಗಿ ಕಾಣುವಂತೆ.

ದಶಾಂಶದ ಬಗ್ಗೆ ಎರಡು ಮಾತು. ಸಾಫ್ಟ್‌ವೇರ್ 41.0833 ಅಂತ ಕೊಟ್ಟರೆ ಹಾಗೇ ಇಳಿಸುವ ಅಭ್ಯಾಸ ಇದೆ. ಎಸ್‌ಇಎಂ 1.41 ಇರುವಾಗ ಸರಾಸರಿಯ ಎರಡನೇ ದಶಾಂಶಕ್ಕೆ ಯಾವ ಬೆಲೆಯೂ ಇಲ್ಲ. ಒಂದು ದಶಾಂಶ ಸಾಕು. ಎಸ್‌ಇಎಂ ಮತ್ತು ಸಿಡಿಗೆ ಮಾತ್ರ ಒಂದು ದಶಾಂಶ ಹೆಚ್ಚು ಇರಲಿ, ಓದುಗರು ಅವನ್ನಿಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಇದೇ ಇಳುವರಿಯನ್ನು ಕಿಲೋದಲ್ಲಿ ಬರೆದರೆ ಎಸ್‌ಇಎಂ 141 ಆಗುತ್ತದೆ. ಆಗ 5800 ಅಂತ ಬರೆದರೆ ಮುಗಿಯಿತು, 5800.00 ಅನ್ನುವುದು ಸುಮ್ನೆ ಅಲಂಕಾರ. ಒಂದು ಕಾಲಂ ಒಳಗೆ ಎಲ್ಲ ಸರಾಸರಿಗಳಿಗೂ ದಶಾಂಶ ಒಂದೇ ಸಮ ಇರಲಿ. 29, 41.0, 58.00 ಅಂತ ಬೆರೆಸಬೇಡಿ.

ಅಡ್ಡ ಗೆರೆ ಮೂರು ಸಾಕು: ತಲೆಬರಹದ ಮೇಲೆ, ಕೆಳಗೆ, ಟೇಬಲ್ ಮುಗಿಯುವಲ್ಲಿ. ಎಸ್‌ಇಎಂ ಸಾಲಿನ ಮೇಲೆ ಇನ್ನೊಂದು ತೆಳು ಗೆರೆ ಬೇಕಾದರೆ ಹಾಕಿ. ಉದ್ದ ಗೆರೆ ಒಂದೂ ಬೇಡ. ಆದರೆ ನಿಮ್ಮ ಕಾಲೇಜಿನ ಮಾದರಿ ಪುಸ್ತಕ ಚೌಕಟ್ಟು ಕೇಳಿದರೆ ಹಾಕಲೇಬೇಕು, ಅಲ್ಲಿ ವಾದಕ್ಕೆ ಹೋಗಬೇಡಿ.

ಯೂನಿಟ್ ತಪ್ಪಿದೆಯಾ ಅಂತ ತಿಳಿಯಲು ನನ್ನದೊಂದು ಹಳ್ಳಿ ಪರೀಕ್ಷೆ ಇದೆ. ಹೆಕ್ಟೇರಿಗೆ 58 ಕ್ವಿಂಟಲ್ ಅಂದರೆ ಎಕರೆಗೆ ಸುಮಾರು 23.5 ಕ್ವಿಂಟಲ್. ಈ ಅಂಕಿಯನ್ನು ಗೋವಿನಜೋಳ ಬೆಳೆಯುವ ಯಾರಿಗಾದರೂ ಹೇಳಿ ನೋಡಿ. ಅವರು ತಲೆ ಆಡಿಸಿದರೆ ಸರಿ. ನಕ್ಕರೆ ನಿಮ್ಮ ಪ್ಲಾಟಿನ ಅಳತೆಗೆ ವಾಪಸ್ ಹೋಗಿ. ನೆಟ್ ಪ್ಲಾಟ್ ಉದ್ದ 4 ಮೀಟರ್, ಅಗಲ 3.6 ಮೀಟರ್ ಇದ್ದರೆ ಅದು 14.4 ಚದರ ಮೀಟರ್. ಅಲ್ಲಿ 8.35 ಕಿಲೋ ಕಾಳು ಬಂದರೆ ಹೆಕ್ಟೇರಿಗೆ ಸುಮಾರು 58 ಕ್ವಿಂಟಲ್. ಕಾಳನ್ನು ನೆಟ್ ಪ್ಲಾಟಿನಿಂದ ತೂಗಿ, ಗ್ರಾಸ್ ಪ್ಲಾಟಿನ ಅಳತೆಯಿಂದ ಭಾಗಿಸಿದವರನ್ನು ಕಂಡಿದ್ದೇನೆ. ಇಳುವರಿ ಎಲ್ಲ ಟ್ರೀಟ್ಮೆಂಟ್‌ನಲ್ಲೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಅನೋವಾದಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ.

ರೋಗದ ಶೇಕಡಾ ಅಥವಾ ಕೀಟದ ಎಣಿಕೆ ಇರುವ ಟೇಬಲ್‌ಗೆ ಇನ್ನೊಂದು ಎಚ್ಚರಿಕೆ ಬೇಕು. ಬ್ಯಾಡಗಿ ಮೆಣಸಿನಕಾಯಿಯ ಹಣ್ಣು ಕೊಳೆ ರೋಗದ ಶೇಕಡಾ ಅಂತಿಟ್ಟುಕೊಳ್ಳಿ. ಅದನ್ನು ಆರ್ಕ್‌ಸೈನ್‌ಗೆ ಬದಲಿಸಿ ಅನೋವಾ ಮಾಡಿರುತ್ತೀರಿ. ಆಗ ಎಸ್‌ಇಎಂ, ಸಿಡಿ ಎರಡೂ ಬದಲಿಸಿದ ಅಂಕಿಗೆ ಸೇರಿದವು, ಶೇಕಡಾಗೆ ಅಲ್ಲ. ಟೇಬಲ್‌ನಲ್ಲಿ ಎರಡೂ ಅಂಕಿ ಇರಲಿ, ಕಂಸದ ಒಳಗಿರುವುದು ಯಾವುದು ಅಂತ ಕೆಳಗೆ ಬರೆದಿರಲಿ. ಗ್ರಾಫ್‌ನಲ್ಲಿ ಮೂಲ ಶೇಕಡಾ ಎಳೆದರೆ ಅದರ ಮೇಲೆ ಆ ಸಿಡಿಯನ್ನು ಕೂರಿಸಬೇಡಿ. ಅದು ಎಕರೆ ಲೆಕ್ಕದ ಹಗ್ಗದಿಂದ ಬಟ್ಟೆ ಅಳೆದ ಹಾಗೆ.

4. ಕಂಬವೋ, ಚುಕ್ಕೆಯೋ?

ಟ್ರೀಟ್ಮೆಂಟ್‌ಗಳು ಬೇರೆ ಬೇರೆ ಜಾತಿಯವಾದರೆ, ಅಂದರೆ ಐದು ತಳಿ ಅಥವಾ ಐದು ಕಳೆನಾಶಕ ಇದ್ದರೆ, ಕಂಬ ಸರಿ. ಅವುಗಳ ತುದಿ ಸೇರಿಸಿ ಗೆರೆ ಎಳೆಯಬಾರದು. ಎರಡು ತಳಿಗಳ ನಡುವೆ ಅರ್ಧ ತಳಿ ಅಂತ ಒಂದಿಲ್ಲವಲ್ಲ.

ನಮ್ಮದು ಹಾಗಲ್ಲ. 100 ಮತ್ತು 150ರ ನಡುವೆ 120 ಇದೆ. ರೈತರು ಅಷ್ಟು ಹಾಕಲೂಬಹುದು. ಹಾಗಾಗಿ ಅಡ್ಡ ಅಕ್ಷದಲ್ಲಿ ನಿಜವಾದ ಅಳತೆ ಇರಬೇಕು, ಇಳುವರಿಗಳು ಚುಕ್ಕೆಗಳಾಗಬೇಕು. ಎಕ್ಸೆಲ್‌ನಲ್ಲಿ ಇದಕ್ಕೆ `Line` ಅಲ್ಲ, `Scatter` ಆರಿಸಿ. `Line` ಎಲ್ಲ ಹಂತಗಳನ್ನೂ ಸಮ ದೂರದಲ್ಲಿ ಕೂರಿಸುತ್ತದೆ. ನಮ್ಮ ಹಂತಗಳು 50, 50ರ ಅಂತರದಲ್ಲಿವೆ, ಹಾಗಾಗಿ ತಪ್ಪು ಕಾಣುವುದಿಲ್ಲ. 0, 40, 80, 160 ಅಂತ ಇದ್ದರೆ 80ರಿಂದ 160ರ ದೂರ ಅರ್ಧಕ್ಕೆ ಕುಗ್ಗಿ, ಇಳುವರಿ ಅಲ್ಲಿ ದಿಢೀರ್ ಏರಿದಂತೆ ಕಾಣುತ್ತದೆ.

ಕಂಬದ ಗ್ರಾಫ್ ಮಾಡುವವರಿಗೆ ಒಂದೇ ನಿಯಮ: ನಿಲುವು ಅಕ್ಷ ಸೊನ್ನೆಯಿಂದ ಶುರುವಾಗಬೇಕು. ನಮ್ಮ ಅಂಕಿಗಳಲ್ಲಿ 29ಕ್ಕೂ 59ಕ್ಕೂ ಸುಮಾರು ಎರಡು ಪಟ್ಟು ವ್ಯತ್ಯಾಸ. ಅಕ್ಷವನ್ನು 25ರಿಂದ ಶುರು ಮಾಡಿದರೆ ಮೊದಲ ಕಂಬದ ಎತ್ತರ 4, ಕೊನೆಯದರ ಎತ್ತರ 34. ನೋಡಿದವರಿಗೆ ಎಂಟೂವರೆ ಪಟ್ಟು ಅನ್ನಿಸುತ್ತದೆ. ಎಕ್ಸೆಲ್ ಕೆಲವು ಸಲ ತಾನೇ ಹೀಗೆ ಕತ್ತರಿಸುತ್ತದೆ, ನೋಡಿ ಸರಿ ಮಾಡಿ. ಚುಕ್ಕೆಗಳ ಗ್ರಾಫ್‌ಗೆ ಈ ಕಟ್ಟುಪಾಡು ಅಷ್ಟು ಬಿಗಿ ಇಲ್ಲ, ಯಾಕೆಂದರೆ ಅಲ್ಲಿ ಕಣ್ಣು ನೋಡುವುದು ಜಾಗವನ್ನು, ಎತ್ತರವನ್ನಲ್ಲ. 3ಡಿ ಕಂಬಗಳ ಬಗ್ಗೆ ಹೇಳಲು ಏನೂ ಇಲ್ಲ. ಬಿಟ್ಟುಬಿಡಿ.

5. ಕಡ್ಡಿಗಳ ಕಥೆ

ಎಕ್ಸೆಲ್‌ನಲ್ಲಿ `Error Bars` ಒಳಗೆ `Standard Error` ಅಂತ ಇದೆ. ಹೆಸರು ನೋಡಿದರೆ ಬೇಕಾದದ್ದೇ ಸಿಕ್ಕಿತು ಅನ್ನಿಸುತ್ತದೆ. ನಾನು ಅವತ್ತು ಒತ್ತಿದ್ದು ಅದನ್ನೇ. ಆದರೆ ಎಕ್ಸೆಲ್‌ಗೆ ನಿಮ್ಮ ರೆಪ್ಲಿಕೇಶನ್‌ಗಳು ಗೊತ್ತೇ ಇಲ್ಲ. ಅದರ ಮುಂದೆ ಇರುವುದು 29, 41, 51, 58, 59 ಅನ್ನುವ ಐದು ಸರಾಸರಿ ಮಾತ್ರ. ಅದು ಈ ಐದರಿಂದಲೇ ಏನೋ ಲೆಕ್ಕ ಹಾಕಿ ಕಡ್ಡಿ ನಿಲ್ಲಿಸುತ್ತದೆ. ಗೊಬ್ಬರ ಕೆಲಸ ಮಾಡಿದಷ್ಟೂ ಸರಾಸರಿಗಳು ದೂರ ಹೋಗುತ್ತವೆ, ಕಡ್ಡಿಯೂ ಉದ್ದ ಆಗುತ್ತದೆ! ನಮ್ಮ ಉದಾಹರಣೆಯಲ್ಲಿ ಅದು ನಿಜವಾದ ಎಸ್‌ಇಎಂಗಿಂತ ಎಷ್ಟೋ ಪಟ್ಟು ಉದ್ದ ಬರುತ್ತದೆ. ಕಾಗದದ ಮೇಲೆ ಈ ತಪ್ಪು ಕಂಡುಹಿಡಿಯುವ ಗುರುತು ಏನೆಂದರೆ, ಎಲ್ಲ ಕಡ್ಡಿಗಳೂ ಒಂದೇ ಉದ್ದ ಇರುತ್ತವೆ, ಆದರೆ ಆ ಉದ್ದ ಟೇಬಲ್‌ನ ಎಸ್‌ಇಎಂ ಜೊತೆ ಹೊಂದುವುದಿಲ್ಲ.

ಇದು ತಿಳಿದ ಮೇಲೆ ನಾನು ಮಾಡಿದ್ದು ಎರಡನೇ ತಪ್ಪು. ಪ್ರತಿ ಟ್ರೀಟ್ಮೆಂಟ್‌ನ ನಾಲ್ಕು ಅಂಕಿಗಳಿಗೆ `STDEV.S` ಹಾಕಿದೆ, 2ರಿಂದ ಭಾಗಿಸಿದೆ (ನಾಲ್ಕರ ವರ್ಗಮೂಲ 2), ಬಂದದ್ದನ್ನು ಕಡ್ಡಿ ಮಾಡಿದೆ. ಇದು ಮೊದಲಿನಷ್ಟು ಕೆಟ್ಟದ್ದಲ್ಲ. ಆದರೆ ಆರ್‌ಬಿಡಿಗೆ ಇದೂ ಸರಿಯಲ್ಲ.

ಯಾಕೆ ಅಂತ 150 ಕಿಲೋ ಸಾಲಿನಲ್ಲಿ ನೋಡಿ: 60, 62, 51, 59. ಇದರ ಎಸ್‌ಡಿ 4.83, ಎರಡರಿಂದ ಭಾಗಿಸಿದರೆ 2.42. ಅನೋವಾದ ಎಸ್‌ಇಎಂ 1.41 ಮಾತ್ರ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಆ 51 ಮೂರನೇ ಬ್ಲಾಕಿನದು, ಬೇವಿನ ನೆರಳಿನದು. ಆ ಬ್ಲಾಕಿನಲ್ಲಿ ಬಹುತೇಕ ಎಲ್ಲವೂ ಕಡಿಮೆಯೇ ಬಂದಿವೆ. ಅನೋವಾ ಆ ನೆರಳಿನ ಪಾಲನ್ನು ಕಳೆದಿದೆ. `STDEV.S` ಕಳೆದಿಲ್ಲ. ಅಂದರೆ ಬ್ಲಾಕ್ ಮಾಡಿ ಗಳಿಸಿದ್ದನ್ನು ಗ್ರಾಫ್‌ನಲ್ಲಿ ಮತ್ತೆ ಕಳೆದುಕೊಂಡ ಹಾಗೆ. ಟೇಬಲ್ ಒಂದು ಹೇಳುತ್ತದೆ, ಗ್ರಾಫ್ ಇನ್ನೊಂದು ಹೇಳುತ್ತದೆ, ಪರೀಕ್ಷಕರು ನಿಮ್ಮನ್ನು ನೋಡುತ್ತಾರೆ.

ಸರಿಯಾದ ದಾರಿ ಇದು. ಅನೋವಾದ ಒಂದೇ ಎಸ್‌ಇಎಂ ಅನ್ನು ಎಲ್ಲ ಚುಕ್ಕೆಗಳಿಗೂ ಕೊಡಿ. `Error Bars`, `More Options`, `Custom`, `Specify Value` ಅಂತ ಹೋಗಿ, ಮೇಲೂ ಕೆಳಗೂ 1.41 ಹಾಕಿ. ಈಗಲೂ ಕಡ್ಡಿಗಳೆಲ್ಲ ಒಂದೇ ಉದ್ದ ಇರುತ್ತವೆ, ಆದರೆ ಟೇಬಲ್ ಜೊತೆ ಹೊಂದುತ್ತವೆ.

ಆದರೂ ನನಗೆ ಇದು ಪೂರ್ತಿ ಇಷ್ಟವಿಲ್ಲ. ಕಡ್ಡಿಗಳು ಒಂದರ ಮಟ್ಟಕ್ಕೆ ಒಂದು ತಾಗದಿದ್ದರೆ ಎರಡು ಟ್ರೀಟ್ಮೆಂಟ್ ಬೇರೆ ಅಂತಲೇ ಎಲ್ಲರೂ ಓದುತ್ತಾರೆ. ಎಸ್‌ಇಎಂ ಕಡ್ಡಿಗಳಲ್ಲಿ ಅದು ನಿಜವಲ್ಲ. ಎರಡು ಕಡ್ಡಿ ಬೇರೆಯಾಗಲು ಸರಾಸರಿಗಳ ನಡುವೆ 2.82 ಅಂತರ ಸಾಕು, ಅಂದರೆ 1.41ರ ಎರಡು ಪಟ್ಟು. ವ್ಯತ್ಯಾಸ ನಿಜ ಅನ್ನಲು ಬೇಕಾದದ್ದು 4.35. ಅಂತರ 3 ಅಥವಾ 4 ಕ್ವಿಂಟಲ್ ಇದ್ದರೆ ಗ್ರಾಫ್ "ಬೇರೆ" ಅನ್ನುತ್ತದೆ, ಟೇಬಲ್ "ಇಲ್ಲ" ಅನ್ನುತ್ತದೆ.

ಅದಕ್ಕೇ ನಾನು ಚುಕ್ಕೆಗಳ ಮೇಲೆ ಕಡ್ಡಿ ನಿಲ್ಲಿಸುವುದನ್ನೇ ಬಿಟ್ಟೆ. ಗ್ರಾಫ್‌ನ ಖಾಲಿ ಮೂಲೆಯಲ್ಲಿ 4.35 ಎತ್ತರದ ಒಂದೇ ಕಡ್ಡಿ ನಿಲ್ಲಿಸಿ, ಪಕ್ಕದಲ್ಲಿ ಸಿಡಿ (ಶೇ. 5) ಅಂತ ಬರೆಯುತ್ತೇನೆ. ಓದುಗರು ಆ ಎತ್ತರವನ್ನು ಕಣ್ಣಲ್ಲೇ ಎತ್ತಿಕೊಂಡು ಯಾವ ಎರಡು ಚುಕ್ಕೆಗಳ ನಡುವೆ ಬೇಕಾದರೂ ಹಿಡಿದು ನೋಡಬಹುದು. 150 ಮತ್ತು 200ರ ನಡುವೆ ಅದು ಹಿಡಿಸುವುದಿಲ್ಲ. 100 ಮತ್ತು 150ರ ನಡುವೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಯಾವ ಕಡ್ಡಿ ಹಾಕಿದರೂ ಅದು ಎಸ್‌ಡಿಯೋ, ಎಸ್‌ಇಎಂಓ, ಸಿಡಿಯೋ ಅಂತ ಗ್ರಾಫ್‌ನ ಕೆಳಗಿನ ಬರಹದಲ್ಲಿ ಹೇಳಲೇಬೇಕು.

ಸ್ಪ್ಲಿಟ್ ಪ್ಲಾಟ್ ಮಾಡಿದವರಿಗೆ ಒಂದು ಸಾಲು. ಅಲ್ಲಿ ಮೇನ್ ಪ್ಲಾಟಿಗೆ ಒಂದು ಸಿಡಿ, ಸಬ್ ಪ್ಲಾಟಿಗೆ ಇನ್ನೊಂದು, ಎರಡೂ ಸೇರಿದ ಹೋಲಿಕೆಗೆ ಬೇರೆ. ನಿಮ್ಮ ಗ್ರಾಫ್ ಯಾವ ಹೋಲಿಕೆ ತೋರಿಸುತ್ತದೋ ಅದರ ಸಿಡಿಯನ್ನೇ ಹಾಕಿ. ಇಂಟರಾಕ್ಷನ್ ನಿಜವಾಗಿ ಬಂದಿದ್ದರೆ ಎರಡು ಅಂಶಗಳ ಬೇರೆ ಬೇರೆ ಸರಾಸರಿ ತೋರಿಸಿ ಕೈತೊಳೆದುಕೊಳ್ಳಬೇಡಿ. ಒಂದೇ ಗ್ರಾಫ್‌ನಲ್ಲಿ ಎರಡು ಮೂರು ಗೆರೆ ಎಳೆದು, ಅವು ಎಲ್ಲಿ ಬೇರೆ ದಾರಿ ಹಿಡಿದವು ಅಂತ ತೋರಿಸಿ.

6. ಚುಕ್ಕೆಗಳ ನಡುವಿನ ಗೆರೆ

ಪ್ರಮಾಣದ ಪ್ರಯೋಗಕ್ಕೆ ಬಾಗಿದ ಗೆರೆ ಒಂದನ್ನು ಹೊಂದಿಸಬಹುದು. ನಮ್ಮ ಐದು ಸರಾಸರಿಗಳಿಗೆ ಎರಡನೇ ಘಾತದ ಸಮೀಕರಣ ಹೀಗೆ ಬರುತ್ತದೆ:

```
Y = 28.63 + 0.2969 N - 0.000714 N^2
```

ಎಕ್ಸೆಲ್‌ನ `Trendline` ಇದನ್ನೇ ಕೊಡುತ್ತದೆ, ಆದರೆ ಕೊನೆಯ ಸಂಖ್ಯೆಯನ್ನು 0.0007 ಅಂತ ಮೊಟಕು ಮಾಡಿ ತೋರಿಸಬಹುದು. ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? 200ರ ವರ್ಗ 40000. ಅಷ್ಟರಿಂದ ಗುಣಿಸಿದಾಗ ಅರ್ಧ ಕ್ವಿಂಟಲ್‌ಗಿಂತ ಜಾಸ್ತಿ ತಪ್ಪು ಬರುತ್ತದೆ. ಸಮೀಕರಣದ ಮೇಲೆ ಕ್ಲಿಕ್ ಮಾಡಿ, ಅಂಕಿಯ ಫಾರ್ಮ್ಯಾಟ್‌ನಲ್ಲಿ ದಶಾಂಶ ಹೆಚ್ಚಿಸಿ.

ಆಮೇಲೆ ಆರ್ ಸ್ಕ್ವೇರ್. ಐದು ಸರಾಸರಿಗಳ ಮೇಲೆ ಅದು 0.997 ಬರುತ್ತದೆ. ಇದೇ ಗೆರೆಯನ್ನು 20 ಪ್ಲಾಟಿನ ಅಂಕಿಗಳ ಮೇಲೆ ಹೊಂದಿಸಿದರೆ ಸಮೀಕರಣ ಬದಲಾಗುವುದಿಲ್ಲ, ಆದರೆ ಆರ್ ಸ್ಕ್ವೇರ್ 0.92ಕ್ಕೆ ಇಳಿಯುತ್ತದೆ. ಎರಡೂ ಸುಳ್ಳಲ್ಲ. ಸರಾಸರಿ ಮಾಡಿದಾಗ ಪ್ಲಾಟಿನಿಂದ ಪ್ಲಾಟಿಗೆ ಇದ್ದ ಏರುಪೇರು ಅಡಗಿಕೊಂಡಿತು, ಅಷ್ಟೇ. ಯಾವುದನ್ನು ಕೊಟ್ಟಿದ್ದೀರಿ ಅಂತ ಬರೆಯಿರಿ.

ಇನ್ನೊಂದು ಬಲೆ ಇದೆ. ಈ ಗೆರೆಯ ತುದಿ ಎಲ್ಲಿ ಅಂತ ಲೆಕ್ಕ ಹಾಕಿದರೆ ಸುಮಾರು 208 ಕಿಲೋ ಬರುತ್ತದೆ. "ಅತಿ ಹೆಚ್ಚು ಇಳುವರಿಗೆ 208 ಕಿಲೋ ಬೇಕು" ಅಂತ ಬರೆಯಲು ಕೈ ತುರಿಸುತ್ತದೆ. ಆದರೆ ನಾವು 200ರ ಆಚೆ ಒಂದು ಪ್ಲಾಟನ್ನೂ ಬೆಳೆದಿಲ್ಲ. ಆ ತುದಿ ಇರುವುದು ಸಮೀಕರಣದಲ್ಲಿ ಮಾತ್ರ. ಗೆರೆಯನ್ನು 0ಯಿಂದ 200ರವರೆಗೆ ಎಳೆದು ಅಲ್ಲೇ ನಿಲ್ಲಿಸಿ. ಬರಹದಲ್ಲೂ ಅಲ್ಲಿಗೇ ನಿಲ್ಲಿ.

ಆರ್ ಬಳಸುವವರಿಗೆ ಇಡೀ ಗ್ರಾಫ್ ಏಳು ಸಾಲಿನಲ್ಲಿ ಮುಗಿಯುತ್ತದೆ:

```r
N <- c(0, 50, 100, 150, 200)
Y <- c(29, 41, 51, 58, 59)
plot(N, Y, pch = 16, ylim = c(0, 70), las = 1,
     xlab = "Nitrogen (kg/ha)", ylab = "Grain yield (q/ha)")
curve(28.63 + 0.2969*x - 0.000714*x^2, 0, 200, add = TRUE)
arrows(20, 55, 20, 59.35, angle = 90, code = 3, length = 0.05)
text(25, 57.2, "CD (5%) = 4.35", adj = 0)
```

ಆರನೇ ಸಾಲು ಸಿಡಿ ಕಡ್ಡಿಯದು: 55ರಿಂದ 59.35ರವರೆಗೆ, ಅಂದರೆ ಸರಿಯಾಗಿ 4.35 ಎತ್ತರ. `las = 1` ನಿಲುವು ಅಕ್ಷದ ಅಂಕಿಗಳನ್ನು ನೇರ ನಿಲ್ಲಿಸುತ್ತದೆ, ಕತ್ತು ವಾರೆ ಮಾಡಿ ಓದುವುದು ತಪ್ಪುತ್ತದೆ.

7. ಕೆಳಗಿನ ಬರಹ ಮತ್ತು ಪ್ರಿಂಟ್

ಗ್ರಾಫ್‌ನ ಕೆಳಗೆ ಬೆಳೆ, ಋತು ಮತ್ತು ವರ್ಷ, ಜಾಗ, ಎಷ್ಟು ರೆಪ್ಲಿಕೇಶನ್, ಚುಕ್ಕೆ ಏನು, ಕಡ್ಡಿ ಏನು, ಗೆರೆ ಏನು ಇಷ್ಟೂ ಇರಲಿ. ಉದಾಹರಣೆಗೆ: "ಮುಂಗಾರು ಗೋವಿನಜೋಳದ ಕಾಳಿನ ಇಳುವರಿ ಮತ್ತು ಸಾರಜನಕದ ಪ್ರಮಾಣ. ಚುಕ್ಕೆಗಳು 4 ರೆಪ್ಲಿಕೇಶನ್‌ಗಳ ಸರಾಸರಿ. ಗೆರೆ ಸರಾಸರಿಗಳಿಗೆ ಹೊಂದಿಸಿದ ಸಮೀಕರಣ. ನಿಂತ ಕಡ್ಡಿ ಶೇ. 5ರ ಸಿಡಿ." ಇದಕ್ಕೆ ನಿಮ್ಮ ಊರು, ವರ್ಷ ಸೇರಿಸಿ. ಆ ಒಂದು ಪುಟವನ್ನು ಹರಿದು ಯಾರ ಕೈಗಾದರೂ ಕೊಟ್ಟರೆ ಅವರಿಗೆ ಅರ್ಥ ಆಗಬೇಕು.

ಗ್ರಾಫನ್ನು ಪುಟದಲ್ಲಿ ಕೂರುವ ಅಳತೆಯಲ್ಲೇ ಮಾಡಿ. ಎ4 ಹಾಳೆಯಲ್ಲಿ ಬೈಂಡಿಂಗ್ ಅಂಚು ಬಿಟ್ಟು ಸಿಗುವುದು ಸುಮಾರು 14.5 ಸೆಂ.ಮೀ. ಅಗಲ. ದೊಡ್ಡದಾಗಿ ಮಾಡಿ ವರ್ಡ್‌ನಲ್ಲಿ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದರೆ ಅಕ್ಷರಗಳೂ ಕುಗ್ಗುತ್ತವೆ. ಪರದೆಯ ಮೇಲೆ 12 ಇದ್ದ ಅಕ್ಷರ ಕಾಗದದ ಮೇಲೆ 6 ಆಗಿ ಇರುವೆ ಸಾಲಿನಂತೆ ಕಾಣುತ್ತದೆ.

ಬೈಂಡಿಂಗ್‌ಗೆ ಕೊಡುವ ಮುಂಚೆ ಒಂದು ಪ್ರತಿಯನ್ನು ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ. ಪ್ರಿಂಟ್‌ನ ಮೇಲೆ ಮತ್ತೊಮ್ಮೆ ಝೆರಾಕ್ಸ್ ಮಾಡಿಸಿ. ಕೆಂಪು, ಹಸಿರು ಗೆರೆಗಳು ಎರಡೂ ಒಂದೇ ಬೂದು ಬಣ್ಣ ಆದವಾ? ಹಾಗಿದ್ದರೆ ಒಂದಕ್ಕೆ ತುಂಬಿದ ಚುಕ್ಕೆ, ಇನ್ನೊಂದಕ್ಕೆ ಖಾಲಿ ಚೌಕ, ಒಂದು ಗೆರೆ ಪೂರ್ತಿ, ಇನ್ನೊಂದು ಮುರಿದ ಗೆರೆ ಮಾಡಿ. ಗೆರೆಯ ಹೆಸರನ್ನು ಗೆರೆಯ ಪಕ್ಕದಲ್ಲೇ ಬರೆಯಿರಿ, ಮೂಲೆಯ ಪಟ್ಟಿ ಆಗ ಬೇಕಾಗುವುದಿಲ್ಲ.

ಕೊನೆಗೆ ಒಂದು ಸ್ಕೇಲ್ ತೆಗೆದುಕೊಳ್ಳಿ. ಪ್ರಿಂಟ್ ಆದ ಗ್ರಾಫ್‌ನಲ್ಲಿ ನಿಲುವು ಅಕ್ಷದ 10 ಕ್ವಿಂಟಲ್‌ಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಆಮೇಲೆ ಸಿಡಿ ಕಡ್ಡಿ ಅಳೆಯಿರಿ. 10ಕ್ಕೆ 12 ಮಿ.ಮೀ. ಇದ್ದರೆ ಕಡ್ಡಿ ಸುಮಾರು 5 ಮಿ.ಮೀ. ಇರಬೇಕು. ನಾನು ಎರಡನೇ ಸಲ ಗ್ರಾಫ್ ತಗೊಂಡು ಹೋದಾಗ ಗೈಡ್ ಮಾಡಿದ್ದು ಇದನ್ನೇ. ಮೇಜಿನ ಡ್ರಾಯರ್‌ನಿಂದ ಪ್ಲಾಸ್ಟಿಕ್ ಸ್ಕೇಲ್ ತೆಗೆದು, ಕಡ್ಡಿ ಮೇಲಿಟ್ಟು, ಟೇಬಲ್ ನೋಡಿ, "ಈಗ ಹೊಲದ್ದು ಐತಿ" ಅಂತ ಸಹಿ ಹಾಕಿದರು.